ಎತ್ತರದಲ್ಲಿ ಬೇಯದ ಬೇಳೆ: ಉತ್ತರ ಹುಡುಕಿದ ಮೈಸೂರು

ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಇಲ್ಲಿ ನೀರು 100 ಡಿಗ್ರಿಗಲ್ಲ, 97.5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ. ಊಟಿಯಲ್ಲಿ ಸುಮಾರು 92.5ಕ್ಕೆ, ಲೇಹ್‌ನಲ್ಲಿ 88ರ ಆಸುಪಾಸಿನಲ್ಲಿ ಕುದಿಯುತ್ತದೆ. ಮೇಲೇರಿದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಆ ಕಡಿಮೆ ಒತ್ತಡವನ್ನು ಮೀರಿ ಆವಿಯಾಗಲು ನೀರಿಗೆ ಅಷ್ಟು ಬಿಸಿ ಬೇಕಾಗುವುದಿಲ್ಲ. ಒಮ್ಮೆ ಕುದಿ ಬಂದ ಮೇಲೆ ಉರಿ ಎಷ್ಟು ಹೆಚ್ಚಿಸಿದರೂ ನೀರು ಬೇಗ ಇಂಗುತ್ತದೆಯೇ ಹೊರತು ಅದರ ಬಿಸಿ ಏರುವುದಿಲ್ಲ.

ಇದನ್ನು ಅಳೆದವರಲ್ಲಿ ಸ್ವಿಟ್ಜರ್ಲೆಂಡಿನ ಸೊಸ್ಯೂರ್ ಪ್ರಮುಖ. 1787ರಲ್ಲಿ ಮೋಂ ಬ್ಲಾಂ ಶಿಖರದ ಮೇಲೆ ನೀರು ಕುದಿಸಿದಾಗ ಅದು ಸುಮಾರು 86 ಡಿಗ್ರಿಗೇ ಕುದಿಯಿತು. ಪರಿಹಾರದ ಒಂದು ದಾರಿ ಅದಕ್ಕೂ ನೂರು ವರ್ಷ ಮೊದಲೇ ಸಿಕ್ಕಿತ್ತು. 1679ರಲ್ಲಿ ಡೆನಿಸ್ ಪಪಾಂ ಆವಿಯನ್ನು ಹಿಡಿದಿಡುವ ಬಿಗಿಮುಚ್ಚಳದ ಪಾತ್ರೆ ಮಾಡಿದ್ದ. ನಮ್ಮ ಮನೆಗಳ ಕುಕ್ಕರ್ ಅದರದೇ ವಂಶ.

ಆದರೆ ಕುಕ್ಕರ್ ಎತ್ತರವನ್ನು ಪೂರ್ತಿ ಗೆಲ್ಲುವುದಿಲ್ಲ. ಅದರ ವೆಯ್ಟ್ ಹೊರಗಿನ ಒತ್ತಡದ ಮೇಲೆ ಇನ್ನಷ್ಟು ಒತ್ತಡ ಸೇರಿಸುತ್ತದೆ, ಅಷ್ಟೆ. ಹೊರಗೇ ಒತ್ತಡ ಕಡಿಮೆಯಿದ್ದರೆ ಒಳಗೂ ಕಡಿಮೆ. ಮಂಗಳೂರಿನಲ್ಲಿ 120 ಡಿಗ್ರಿ ಮುಟ್ಟುವ ಕುಕ್ಕರ್ ಮೈಸೂರಿನಲ್ಲಿ 119ರ ಹತ್ತಿರ, ಲೇಹ್‌ನಲ್ಲಿ 114ರ ಹತ್ತಿರ ನಿಲ್ಲುತ್ತದೆ.

ತೆರೆದ ಪಾತ್ರೆಯ ತೊಗರಿಬೇಳೆಯನ್ನೇ ಲೆಕ್ಕ ಹಾಕೋಣ. ಹತ್ತು ಡಿಗ್ರಿ ಇಳಿದರೆ ಬೇಯುವ ಸಮಯ ಸುಮಾರಾಗಿ ಎರಡು ಪಟ್ಟಾಗುತ್ತದೆ ಎಂದಿಟ್ಟುಕೊಂಡರೆ, ಮಂಗಳೂರಿನಲ್ಲಿ 40 ನಿಮಿಷದಲ್ಲಿ ಬೆಂದ ಬೇಳೆಗೆ ಮೈಸೂರಿನಲ್ಲಿ 48, ಊಟಿಯಲ್ಲಿ 67, ಲೇಹ್‌ನಲ್ಲಿ ಒಂದೂವರೆ ಗಂಟೆ ಬೇಕು. ಇದು ಅಂದಾಜಿನ ಲೆಕ್ಕ. ಬೇಳೆಯ ತಳಿ, ಹಳತು, ನೀರಿನ ಗಡಸುತನ ಇದನ್ನು ಸುಲಭವಾಗಿ ತಲೆಕೆಳಗು ಮಾಡಬಲ್ಲವು. ಉಪ್ಪು ಹಾಕಿದರೆ ಕುದಿಯುವ ಬಿಸಿ ಏರುತ್ತದೆಂಬ ನಂಬಿಕೆಯೂ ಇಲ್ಲಿ ಕೆಲಸಕ್ಕೆ ಬಾರದು. ಲೀಟರಿಗೆ ಒಂದು ಚಮಚ ಉಪ್ಪು ಏರಿಸುವುದು ಡಿಗ್ರಿಯ ಹತ್ತನೇ ಒಂದು ಭಾಗದಷ್ಟು ಮಾತ್ರ.

ಬಿಸಿಯನ್ನು ಏರಿಸುವ ಬದಲು ಕಾಳನ್ನೇ ಬದಲಿಸುವುದು ಎರಡನೆಯ ದಾರಿ. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ನಿಜವಾದ ತಿರುವು ಅದೇ, ಅದರ ಒಂದಷ್ಟು ಮುಖ್ಯ ಕೆಲಸ ನಮ್ಮೂರಿನಲ್ಲೇ ನಡೆದಿದೆ. 1950ರಲ್ಲಿ ಚೆಲುವಾಂಬ ಮಹಲಿನಲ್ಲಿ ಆರಂಭವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ದೇಶಿಕಾಚಾರ್, ನರಸಿಂಹ ಮೊದಲಾದವರು ಒಂದು ತೊಗರಿ ಬೇಗ ಬೆಂದು ಇನ್ನೊಂದು ಏಕೆ ಬೇಯುವುದಿಲ್ಲ ಎಂದು ಹುಡುಕಿದರು. ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವುದು ಪೆಕ್ಟಿನ್. ಅದು ಕರಗಿದಾಗಲೇ ಬೇಳೆ ಮಿದುವಾಗುತ್ತದೆ. ಕ್ಯಾಲ್ಸಿಯಂ ಸೇರಿದರೆ ಆ ಅಂಟು ಬಿಗಿಯಾಗುತ್ತದೆ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಬೇಳೆ ಹಟ ಹಿಡಿಯುವುದು ಇದರಿಂದಲೇ. ಕಾಳಿನಲ್ಲಿರುವ ಫೈಟಿಕ್ ಆಮ್ಲ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ಬೇಯಲು ನೆರವಾಗುತ್ತದೆ. ಬಹಳ ಕಾಲ ಬಿಸಿ, ತೇವದಲ್ಲಿಟ್ಟ ಕಾಳಿನಲ್ಲಿ ಅದು ಒಡೆದುಹೋಗುತ್ತದೆ. ಚಿಟಿಕೆ ಅಡುಗೆ ಸೋಡ ಪೆಕ್ಟಿನನ್ನು ಬೇಗ ಕರಗಿಸುತ್ತದೆ, ಜೊತೆಗೆ ಥಯಾಮಿನ್ ಎಂಬ ಜೀವಸತ್ವವನ್ನೂ ನಾಶ ಮಾಡುತ್ತದೆ. ಎತ್ತರದ ಊರಿನಲ್ಲಿ ಮೊದಲು ಮಾಡಬೇಕಾದದ್ದು ನೆನೆಹಾಕುವುದು, ಮೆದು ನೀರು ಬಳಸುವುದು.

ಅಕ್ಕಿಯ ಕತೆ ಬೇರೆ. ಅದರ ಪಿಷ್ಟ ಸಾಮಾನ್ಯವಾಗಿ 55ರಿಂದ 79 ಡಿಗ್ರಿಯೊಳಗೇ ನೀರು ಕುಡಿದು ಉಬ್ಬುತ್ತದೆ, ಹಾಗಾಗಿ ಲೇಹ್‌ನಲ್ಲೂ ಅನ್ನವಾಗುತ್ತದೆ. ಅಲ್ಲಿನ ತೊಡಕೆಂದರೆ ನೀರು ಅಗುಳಿನ ನಡುವಿಗೆ ತಲುಪುವಷ್ಟರಲ್ಲಿ ಪಾತ್ರೆಯ ನೀರೇ ಇಂಗಿಬಿಡುವುದು. ಅಗುಳನ್ನು ಎರಡು ಗಾಜಿನ ನಡುವೆ ಒತ್ತಿ ನೋಡಿ: ಒಳಗೆ ಬಿಳಿ ಚುಕ್ಕೆ ಉಳಿದಿದ್ದರೆ ಬೆಂದಿಲ್ಲ. ನೆನೆಸಿದ ಅಕ್ಕಿಗೆ ತುಸು ಹೆಚ್ಚು ನೀರಿಟ್ಟು ಮುಚ್ಚಿ ಬೇಯಿಸಿದರೆ ಸಾಕು.

1961ರಲ್ಲಿ ಮೈಸೂರಿನಲ್ಲೇ ಹುಟ್ಟಿದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ, ಡಿಎಫ್‌ಆರ್‌ಎಲ್, ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋಯಿತು. ಹಿಮದ ನೆಲೆಯಲ್ಲಿ ಸೈನಿಕನಿಗೆ ಉರುವಲೂ ಕಡಿಮೆ, ಸಮಯವೂ ಕಡಿಮೆ. ಆದ್ದರಿಂದ ಅಕ್ಕಿ, ಬೇಳೆಯನ್ನು ಇಲ್ಲೇ ಬೇಯಿಸಿ ಒಣಗಿಸಿದರು. ಹಾಗೆ ಒಣಗಿದ ಕಾಳಿನಲ್ಲಿ ಸಣ್ಣ ರಂಧ್ರಗಳು ಉಳಿಯುತ್ತವೆ, ಬಿಸಿನೀರು ನೇರವಾಗಿ ಒಳನುಗ್ಗುತ್ತದೆ. ಬೇಯಬೇಕಾದದ್ದು ಬೆಂದಾಗಿರುವುದರಿಂದ 85 ಡಿಗ್ರಿಯ ನೀರೂ ಸಾಕು. ಪೊಟ್ಟಣದಲ್ಲೇ ಬೇಯಿಸಿ ಕ್ರಿಮಿಮುಕ್ತಗೊಳಿಸಿದ ಸಿದ್ಧ ಊಟಕ್ಕೆ ಕುದಿಯುವ ನೀರೂ ಬೇಡ, ಬಿಸಿಮಾಡಿದರಾಯಿತು.

ಬೇಕರಿ ತಿನಿಸಿಗೆ ಎತ್ತರ ಬೇರೆಯೇ ತರದ ತೊಂದರೆ ಕೊಡುತ್ತದೆ. ಓವನ್ನಿನ ಬಿಸಿ ಇಳಿಯುವುದಿಲ್ಲ. ಆದರೆ ಒತ್ತಡ ಕಡಿಮೆಯಾದ್ದರಿಂದ ಹಿಟ್ಟಿನೊಳಗಿನ ಅನಿಲ ಹೆಚ್ಚು ಹಿಗ್ಗುತ್ತದೆ. ಮೈಸೂರಿನಲ್ಲಿ ಹತ್ತರಲ್ಲೊಂದು ಪಾಲಿನಷ್ಟು ಹೆಚ್ಚು, ಊಟಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು. ಕೇಕಿನ ಗೋಡೆ ಗಟ್ಟಿಯಾಗುವ ಮೊದಲೇ ಗುಳ್ಳೆಗಳು ಉಬ್ಬಿ ಒಡೆದು ನಡುಭಾಗ ಕುಸಿಯುತ್ತದೆ. ಅಮೆರಿಕದ ಎತ್ತರದ ರಾಜ್ಯ ಕೊಲೊರಾಡೊದ ಕೃಷಿ ಸಂಶೋಧಕರು ಕಳೆದ ಶತಮಾನದ ಮೊದಲರ್ಧದಲ್ಲೇ ಇದನ್ನು ಅಭ್ಯಸಿಸಿದ್ದರು. ಈಗಿನ ಸಲಹೆಗಳು ಸಾಮಾನ್ಯವಾಗಿ 900 ಮೀಟರಿನ ಮೇಲೆ ಅನ್ವಯಿಸುತ್ತವೆ, ಮೈಸೂರು ಅದಕ್ಕಿಂತ ತುಸು ಕೆಳಗಿದೆ. ಆದ್ದರಿಂದ ಇಲ್ಲಿ ಪುಸ್ತಕದ ಅಳತೆಯೇ ನಡೆಯುತ್ತದೆ. ಅದೇ ಕೇಕನ್ನು ಊಟಿಯಲ್ಲಿ ಮಾಡುವವರು ಪ್ರತಿ ಚಮಚ ಬೇಕಿಂಗ್ ಪೌಡರಿನಲ್ಲಿ ಕಾಲು ಚಮಚ ಕಡಿಮೆ ಮಾಡಿ, ಸಕ್ಕರೆ ಸ್ವಲ್ಪ ತಗ್ಗಿಸಿ, ಪ್ರತಿ ಕಪ್ ಹಾಲಿಗೆ ಮೂರು ನಾಲ್ಕು ದೊಡ್ಡ ಚಮಚ ಹೆಚ್ಚು ಸೇರಿಸಿ, ಓವನ್ನನ್ನು ಹತ್ತು ಡಿಗ್ರಿ ಏರಿಸಬೇಕು.