ಇನ್, ಆನ್, ಅಟ್: ಒಂದು ಬಿಟ್ಟ ಸ್ಥಳದ ಚರಿತ್ರೆ

ಕರ್ನಾಟಕದಲ್ಲಿ ಶಾಲೆ ಮುಗಿಸಿದವರಲ್ಲಿ ‘ಸೂಕ್ತ ಪ್ರಿಪೊಸಿಷನ್ ಆರಿಸಿ ಬಿಟ್ಟ ಸ್ಥಳ ತುಂಬಿರಿ’ ಎಂಬ ಪ್ರಶ್ನೆಯನ್ನು ಎದುರಿಸದವರು ಸಿಗುವುದು ಕಷ್ಟ. ಒಂದು ವಾಕ್ಯ, ಅದರ ನಡುವೆ ಒಂದು ಗೆರೆ, ಕೆಳಗೆ ಇನ್, ಆನ್, ಅಟ್ ಎಂಬ ಆಯ್ಕೆಗಳು. ಬರೆಯುವ ಹುಡುಗರಿಗೆ ಇದು ಸುಲಭದ ಅಂಕ. ಪ್ರಶ್ನೆಪತ್ರಿಕೆ ತಯಾರಿಸುವವರಿಗೆ ಮಾತ್ರ ಇದರಷ್ಟು ತಕರಾರಿನ ಪ್ರಶ್ನೆ ಇನ್ನೊಂದಿಲ್ಲ. ದಿನಾಂಕವನ್ನೋ ವಾರವನ್ನೋ ಕೇಳಿದಾಗ ಉತ್ತರ ಸಾಮಾನ್ಯವಾಗಿ ಒಂದೇ ಇರುತ್ತದೆ. ವಿಳಾಸ ಕೇಳಿದರೆ ಎರಡನೆಯ ಉತ್ತರವೊಂದು ಎಲ್ಲಿಂದಲೋ ಬಂದು ಕೂರುತ್ತದೆ. ಈ ಬಗೆಯ ಪ್ರಶ್ನೆ ಕಾಲದಿಂದ ಕಾಲಕ್ಕೆ ಬದಲಾಗುತ್ತ ಬಂದದ್ದಕ್ಕೆ ಆ ಎರಡನೆಯ ಉತ್ತರದ ಕಾಟವೇ ದೊಡ್ಡ ಕಾರಣ ಎಂಬುದು ನನ್ನ ಎಣಿಕೆ.

ವಾಕ್ಯದಲ್ಲಿ ಪದ ಕಿತ್ತು ತುಂಬಿಸುವ ಉಪಾಯ ಭಾಷೆ ಕಲಿಸುವವರಿಂದ ಹುಟ್ಟಿದ್ದಲ್ಲ. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ 1897ರಲ್ಲಿ ಬ್ರೆಸ್ಲಾವ್ ನಗರದ ಶಾಲಾಮಕ್ಕಳ ಮಾನಸಿಕ ದಣಿವನ್ನು ಅಳೆಯಲು ಇಂಥ ಪಠ್ಯಗಳನ್ನು ಕೊಟ್ಟ. ಅಮೆರಿಕದ ಕಾನ್ಸಾಸ್‌ನಲ್ಲಿ ಫ್ರೆಡರಿಕ್ ಕೆಲ್ಲಿ 1915ರ ಸುಮಾರಿಗೆ ತಂದ ಓದಿನ ಪರೀಕ್ಷೆ, ಒಂದೇ ಸರಿಯುತ್ತರ ಇರುವ, ಯಾರು ತಿದ್ದಿದರೂ ಅಷ್ಟೇ ಅಂಕ ಬರುವ ಪ್ರಶ್ನೆಗಳನ್ನು ಬಳಕೆಗೆ ತಂದಿತು. ಈ ಎರಡೂ ಸೇರಿದಲ್ಲಿ ಇಂದಿನ ಆಯ್ಕೆಯ ಬಿಟ್ಟ ಸ್ಥಳದ ಬೇರು ಇದೆ. 1953ರಲ್ಲಿ ವಿಲ್ಸನ್ ಟೇಲರ್ ಎಂಬಾತ ‘ಕ್ಲೋಜ್’ ವಿಧಾನವನ್ನು ಪ್ರಕಟಿಸಿದ. ಬರಹದಲ್ಲಿ ಇಂತಿಷ್ಟು ಪದಗಳಿಗೊಂದರಂತೆ ಲೆಕ್ಕ ಹಾಕಿ ಅಳಿಸುವುದು, ಓದುಗರು ಎಷ್ಟನ್ನು ಸರಿಯಾಗಿ ತುಂಬುತ್ತಾರೆಂದು ನೋಡುವುದು. ಅವನು ಅಳೆಯಹೊರಟದ್ದು ಬರಹ ಎಷ್ಟು ಸಲೀಸಾಗಿದೆ ಎಂಬುದನ್ನೇ ಹೊರತು ಓದುಗನ ಇಂಗ್ಲಿಷನ್ನಲ್ಲ. ಇನ್, ಆನ್‌ಗಳು ಅಳಿಸಿಹೋದರೆ ಅದು ಎಣಿಕೆಯ ಆಕಸ್ಮಿಕ.

ಇದನ್ನು ಎರಡನೆಯ ಭಾಷೆ ಕಲಿಯುವವರ ಪರೀಕ್ಷೆಗೆ ಎಳೆದುತಂದ ಮೇಲೆ ಆ ಆಕಸ್ಮಿಕವೇ ತೊಡಕಾಯಿತು. ಚಾರ್ಲ್ಸ್ ಆಲ್ಡರ್ಸನ್ 1979ರಲ್ಲಿ ತೋರಿಸಿದ್ದು ಇದನ್ನೇ: ಎಷ್ಟು ಪದಕ್ಕೊಂದು ಅಳಿಸುತ್ತೀರಿ ಎಂಬುದನ್ನು ಬದಲಿಸಿದರೆ ಪರೀಕ್ಷೆಯೇ ಬೇರೆಯಾಗುತ್ತದೆ. ಹಾಗಾಗಿ ಕಣ್ಣುಮುಚ್ಚಿ ಎಣಿಸಿ ಅಳಿಸುವುದರ ಬದಲು, ಬೇಕಾದ ಪದವನ್ನೇ ಆರಿಸಿ ಅಳಿಸುವ ಪದ್ಧತಿಗೆ ಬಲ ಬಂತು. ಪ್ರಿಪೊಸಿಷನ್ ಬೇಕೆಂದೇ ಗೆರೆಯ ಜಾಗಕ್ಕೆ ಬಂದು ಕೂತಿತು.

ಜಾಗ ಸಿಕ್ಕಿತು, ಸರಿ. ತಪ್ಪು ಆಯ್ಕೆಗಳಾಗಿ ಯಾವುವನ್ನು ಇಡಬೇಕು? ಇದಕ್ಕೆ ಉತ್ತರ ಅದಾಗಲೇ ರಾಬರ್ಟ್ ಲಾಡೊ ಬರಹಗಳಲ್ಲಿತ್ತು. ಕಲಿಯುವವನ ತಾಯ್ನುಡಿ ಇಂಗ್ಲಿಷಿನಿಂದ ಎಲ್ಲಿ ಬೇರೆ ದಾರಿ ಹಿಡಿಯುತ್ತದೋ ಅಲ್ಲೇ ಪರೀಕ್ಷಿಸಿ ಎಂಬುದು ಅವನ 1957 ಮತ್ತು 1961ರ ಪುಸ್ತಕಗಳ ತಿರುಳು. ಕನ್ನಡದ ಮಗುವಿಗೆ ಇದನ್ನು ಹೊಂದಿಸಿ ನೋಡಿದರೆ ಕುತೂಹಲದ ಚಿತ್ರ ಸಿಗುತ್ತದೆ. ಕಾಲದ ವಿಷಯದಲ್ಲಿ ನಮ್ಮ ನುಡಿಯೂ ಮೂರು ಬಗೆ ಮಾಡುತ್ತದೆ: ಐದು ಗಂಟೆಗೆ, 15ರಂದು, ಆಗಸ್ಟ್‌ನಲ್ಲಿ. ಇಂಗ್ಲಿಷಿನ ಅಟ್, ಆನ್, ಇನ್ ಹೆಚ್ಚುಕಡಿಮೆ ಇವುಗಳ ಪಕ್ಕದಲ್ಲೇ ನಿಲ್ಲುತ್ತವೆ. ಸ್ಥಳಕ್ಕೆ ಬಂದಾಗ ಎಲ್ಲವನ್ನೂ ಸಪ್ತಮಿಯೊಂದೇ ಹೊತ್ತುಕೊಳ್ಳುತ್ತದೆ. ಮೈಸೂರಿನಲ್ಲಿ, ಮೂರನೇ ಮಹಡಿಯಲ್ಲಿ, ಬಸ್ಸಿನಲ್ಲಿ, ಬಸ್ ಸ್ಟಾಪಿನಲ್ಲಿ. ಇಂಗ್ಲಿಷಿನಲ್ಲಿ ಇವು ಕ್ರಮವಾಗಿ ಇನ್, ಆನ್, ಆನ್, ಅಟ್ ಆಗುತ್ತವೆ. ಆದ್ದರಿಂದ ‘ಅವರ ಆಫೀಸು ಮೂರನೇ ಮಹಡಿಯಲ್ಲಿದೆ’ ಎಂಬರ್ಥದ ಇಂಗ್ಲಿಷ್ ವಾಕ್ಯದಲ್ಲಿ ಆನ್ ಸರಿಯುತ್ತರವಾಗಿದ್ದರೆ, ನಮ್ಮ ಮಕ್ಕಳನ್ನು ಸೆಳೆಯುವ ತಪ್ಪು ಆಯ್ಕೆ ಇನ್. ಅದರ ಬದಲು ‘ಅಂಡರ್’ ಇಟ್ಟರೆ ಯಾರೂ ಅದನ್ನು ಮುಟ್ಟುವುದಿಲ್ಲ. ಯಾರೂ ಮುಟ್ಟದ ಆಯ್ಕೆ ಇದ್ದೂ ಇಲ್ಲದಂತೆ.

ಕಾಲದ ಪ್ರಶ್ನೆಗಳಿಗೆ ನೆಲೆಯಾದದ್ದು ವ್ಯಾಕರಣ ಪುಸ್ತಕಗಳು. ರ‍್ಯಾಂಡಾಲ್ಫ್ ಕ್ವರ್ಕ್ ಮತ್ತು ಸಂಗಡಿಗರ 1985ರ ದೊಡ್ಡ ವ್ಯಾಕರಣ ಇವುಗಳನ್ನು ಆಯಾಮಗಳಾಗಿ ವಿವರಿಸಿತು: ಅಟ್ ಒಂದು ಬಿಂದು, ಆನ್ ಗೆರೆ ಅಥವಾ ಮೇಲ್ಮೈ, ಇನ್ ಒಳಗನ್ನುಳ್ಳ ಜಾಗ. ಅದೇ ವರ್ಷ ಬಂದ ರೇಮಂಡ್ ಮರ್ಫಿಯ ‘ಇಂಗ್ಲಿಷ್ ಗ್ರಾಮರ್ ಇನ್ ಯೂಸ್’ ಎಡಪುಟದಲ್ಲಿ ವಿವರಣೆ, ಬಲಪುಟದಲ್ಲಿ ಬಿಟ್ಟ ಸ್ಥಳ ಎಂಬ ಮಾದರಿಯನ್ನು ಮನೆಮನೆಗೆ ತಲುಪಿಸಿತು. ಗಂಟೆಗೆ ಅಟ್, ದಿನಕ್ಕೂ ದಿನಾಂಕಕ್ಕೂ ಆನ್, ತಿಂಗಳು ಮತ್ತು ವರ್ಷಕ್ಕೆ ಇನ್. ಇಷ್ಟನ್ನು ಬಾಯಿಪಾಠ ಮಾಡಿದವನಿಗೆ ‘ಆಗಸ್ಟ್ 15’ರ ಹಿಂದಿನ ಗೆರೆ ತುಂಬುವುದು ಏನೇನೂ ಕಷ್ಟವಲ್ಲ. ಹಾಗಾಗಿ ನುರಿತ ಪ್ರಶ್ನಕಾರರು ನಿಯಮದ ಅಂಚಿಗೆ ಹೋಗುತ್ತಾರೆ. ‘ಬೆಳಿಗ್ಗೆ’ ಎಂಬುದಕ್ಕೆ ಇನ್ ಎಂದು ಕಲಿತವನ ಮುಂದೆ ‘ಆಗಸ್ಟ್ 15ರ ಬೆಳಿಗ್ಗೆ’ ಇಡುತ್ತಾರೆ. ಅಲ್ಲಿ ದಿನಾಂಕ ಗೆದ್ದು ಆನ್ ಬರುತ್ತದೆ. ಬೆಳಿಗ್ಗೆಗೂ ಸಂಜೆಗೂ ಇನ್ ಬಂದರೆ ರಾತ್ರಿಗೆ ಅಟ್ ಬರುತ್ತದೆ. ‘ನೆಕ್ಸ್ಟ್ ಮಂಡೇ’ ಎಂದರೆ ಯಾವುದೂ ಬೇಡ. ಕೊನೆಯದಕ್ಕಾಗಿ ‘ಯಾವುದೂ ಅಲ್ಲ’ ಎಂಬ ನಾಲ್ಕನೆಯ ಆಯ್ಕೆ ಇಡಬೇಕಾಗುತ್ತದೆ. ಆದರೆ ಅದನ್ನು ಆ ಒಂದೇ ಪ್ರಶ್ನೆಗೆ ಇಟ್ಟರೆ ಗುಟ್ಟು ರಟ್ಟಾಯಿತು. ಎಲ್ಲ ಪ್ರಶ್ನೆಗಳಿಗೂ ಇಡಬೇಕು.

ಸ್ಥಳ ಮಾತ್ರ ಇಷ್ಟು ಸುಲಭವಾಗಿ ಸಿಕ್ಕಿಬೀಳಲಿಲ್ಲ. ಅನೆಟ್ ಹರ್ಸ್ಕೊವಿಟ್ಸ್ 1986ರ ತಮ್ಮ ಪುಸ್ತಕದಲ್ಲಿ, ಸ್ಥಳದ ಪ್ರಿಪೊಸಿಷನ್ನನ್ನು ವಸ್ತುವಿನ ಆಕಾರವೊಂದೇ ನಿರ್ಧರಿಸುವುದಿಲ್ಲ, ಹೇಳುವವರು ಎಲ್ಲಿಂದ ನೋಡುತ್ತಿದ್ದಾರೆ ಎಂಬುದೂ ಲೆಕ್ಕಕ್ಕೆ ಬರುತ್ತದೆ ಎಂದರು. ಒಬ್ಬಾಕೆ ಸೂಪರ್ ಮಾರ್ಕೆಟ್ಟಿಗೆ ಹೋಗಿದ್ದಾಳೆ. ದೂರದ ಮನೆಯಲ್ಲಿ ಕೂತವರು ಆಕೆ ಅಲ್ಲಿದ್ದಾಳೆನ್ನಲು ಅಟ್ ಬಳಸುತ್ತಾರೆ. ಅಂಗಡಿಯ ಬಾಗಿಲಲ್ಲಿ ನಿಂತು ಆಕೆಯನ್ನು ಹುಡುಕುವವರು ಇನ್ ಎನ್ನುತ್ತಾರೆ. ಬಿಟ್ಟ ಸ್ಥಳದ ಒಂಟಿ ವಾಕ್ಯದಲ್ಲಿ ಹೇಳುವವರು ಎಲ್ಲಿದ್ದಾರೆ ಎಂಬ ಮಾಹಿತಿಯೇ ಇರುವುದಿಲ್ಲವಲ್ಲ!

ವಿಳಾಸದ ಪ್ರಶ್ನೆಯೊಂದನ್ನು ಬಿಡಿಸಿ ನೋಡೋಣ. ‘ಮೈ ಅಂಕಲ್ಸ್ ಶಾಪ್ ಈಸ್ ___ ಅವೆನ್ಯೂ ರೋಡ್.’ ಆಯ್ಕೆಗಳು ಇನ್, ಆನ್, ಅಟ್. ಕೀ ಉತ್ತರ ಆನ್ ಎಂದಿಟ್ಟುಕೊಳ್ಳಿ. ಅಮೆರಿಕದ ಬಳಕೆಯಲ್ಲಿ ಬೀದಿಗೆ ಆನ್ ಸಹಜ. ಆದರೆ ಬ್ರಿಟಿಷರು ಬೀದಿಯ ಹೆಸರಿನ ಹಿಂದೆ ಇನ್ ಎನ್ನುವುದೂ ಉಂಟು. ನಮ್ಮ ಊರಿನ ಇಂಗ್ಲಿಷಿನಲ್ಲಿ ಅವೆನ್ಯೂ ರೋಡು ಬರೀ ರಸ್ತೆಯಲ್ಲ, ಒಂದು ಪೇಟೆ. ಹಾಗಾಗಿ ಅಟ್ ಎಂದವನನ್ನೂ ಗದರಿಸುವುದು ಕಷ್ಟ.

ಇಂಥ ಪ್ರಶ್ನೆ ಕೆಟ್ಟಿದೆಯೆಂದು ಪತ್ತೆಹಚ್ಚುವ ದಾರಿ ಹಳೆಯದು. 1939ರಲ್ಲಿ ಟ್ರೂಮನ್ ಕೆಲಿ ತೋರಿಸಿಕೊಟ್ಟಂತೆ ಒಟ್ಟು ಅಂಕದಲ್ಲಿ ಮೇಲಿನ ಶೇಕಡ 27 ಮಂದಿಯನ್ನೂ ಕೆಳಗಿನ ಶೇಕಡ 27 ಮಂದಿಯನ್ನೂ ಹೋಲಿಸುವುದು. ಲೆಕ್ಕ ತಿಳಿಯಲೆಂದು, ನೂರು ಮಂದಿ ಬರೆದರು ಎನ್ನೋಣ. ಮೇಲಿನ 27 ಜನರಲ್ಲಿ 12 ಮಂದಿ ಆನ್, 11 ಮಂದಿ ಇನ್, 4 ಮಂದಿ ಅಟ್ ಬರೆದರು. ಕೆಳಗಿನ 27ರಲ್ಲಿ 10 ಮಂದಿ ಆನ್ ಬರೆದರು. ವ್ಯತ್ಯಾಸ 2, ಅದನ್ನು 27ರಿಂದ ಭಾಗಿಸಿದರೆ 0.07. ಅಂದರೆ ಬಲ್ಲವರನ್ನೂ ಬಲ್ಲದವರನ್ನೂ ಈ ಪ್ರಶ್ನೆ ಬೇರ್ಪಡಿಸುತ್ತಲೇ ಇಲ್ಲ. ಅದಕ್ಕಿಂತ ಗಮನಿಸಬೇಕಾದದ್ದು ಚೆನ್ನಾಗಿ ಬಲ್ಲವರೇ ಆನ್ ಮತ್ತು ಇನ್ ನಡುವೆ ಸರಿಸಮವಾಗಿ ಹಂಚಿಹೋದದ್ದು. ದಡ್ಡರು ಚದುರಿದರೆ ಪ್ರಶ್ನೆ ಕಷ್ಟದ್ದಿರಬಹುದು. ಜಾಣರು ಇಬ್ಭಾಗವಾದರೆ ಕೀ ಉತ್ತರದ ಮೇಲೆ ಅನುಮಾನ ಪಡಬೇಕು.

ದುರಸ್ತಿಗೆ ಒಂದು ಅಂಗಡಿ ಸಂಖ್ಯೆ ಸಾಕು. ‘___ 214, ಅವೆನ್ಯೂ ರೋಡ್’ ಎಂದೊಡನೆ ವಿಳಾಸ ನಕ್ಷೆಯ ಮೇಲಿನ ಒಂದು ಬಿಂದುವಾಗುತ್ತದೆ, ಅಟ್ ಬಿಟ್ಟು ಬೇರೆ ಯಾವುದೂ ನಿಲ್ಲುವುದಿಲ್ಲ. ನಮ್ಮ ಅಫಿಡವಿಟ್ಟುಗಳಲ್ಲಿ ‘ರಿಸೈಡಿಂಗ್ ಅಟ್’ ಎಂದು ಮನೆ ನಂಬರಿನಿಂದ ಶುರುವಾಗುವ ವಿಳಾಸ ಇದೇ ನಿಯಮದ ಮೇಲೆ ನಿಂತಿದೆ. ಆನ್ ಅನ್ನೇ ಪರೀಕ್ಷಿಸಬೇಕಿದ್ದರೆ ರಸ್ತೆಯನ್ನು ಬಿಟ್ಟು ಮಹಡಿಯನ್ನು ಕೇಳುವುದು ಕ್ಷೇಮ, ಇನ್ ಬೇಕಿದ್ದರೆ ‘ಜಯನಗರ 4ನೇ ಬ್ಲಾಕ್’ ಥರದ ಬಡಾವಣೆಯನ್ನು ಕೇಳಿ ಅಟ್ ಅನ್ನು ಆಯ್ಕೆಗಳಿಂದಲೇ ತೆಗೆಯುವುದು ಕ್ಷೇಮ. ಎಂಟನೇ ಮೇನ್, ಐದನೇ ಕ್ರಾಸ್‌ಗಳ ತಂಟೆಗೆ ಮಾತ್ರ ಹೋಗಬಾರದು.

ಇಷ್ಟೆಲ್ಲ ಕಸರತ್ತು ಬೇಕೇ ಎಂದು ಕೇಳಿದವರು ನಮ್ಮಲ್ಲೇ ಇದ್ದರು. ಎನ್.ಎಸ್. ಪ್ರಭು 1979ರಲ್ಲಿ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ನೆರವಿನಿಂದ ಶುರುಮಾಡಿ 1984ರವರೆಗೆ ನಡೆಸಿದ ಪ್ರಯೋಗದಲ್ಲಿ ವ್ಯಾಕರಣದ ಪಾಠವನ್ನೇ ಕೈಬಿಟ್ಟರು. ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿ, ನಕ್ಷೆ ಇಟ್ಟು, ಯಾವ ಗಾಡಿ ಎಷ್ಟಕ್ಕೆ ಹೊರಟು ಎಲ್ಲಿ ನಿಲ್ಲುತ್ತದೆ ಎಂದು ಲೆಕ್ಕ ಹಾಕಿಸಿದರು. ಕಾಲ, ಸ್ಥಳಗಳ ಪ್ರಿಪೊಸಿಷನ್ನುಗಳು ಅಲ್ಲಿ ಕೆಲಸದ ನಡುವೆ ತಾವಾಗಿ ಬಂದು ಹೋಗುತ್ತಿದ್ದವು. ಬೆರೆಟ್ಟಾ ಮತ್ತು ಡೇವಿಸ್ 1985ರಲ್ಲಿ ಪ್ರಕಟಿಸಿದ ಮೌಲ್ಯಮಾಪನದಲ್ಲಿ, ಎಂದಿನಂತೆ ಕಲಿತವರು ರಚನೆಯ ಪರೀಕ್ಷೆಯಲ್ಲೂ ಪ್ರಯೋಗದ ಮಕ್ಕಳು ಕಾರ್ಯಾಧಾರಿತ ಪರೀಕ್ಷೆಯಲ್ಲೂ ಮುಂದಿದ್ದರು. ಹೇಗೆ ಕಲಿಸಿದರೋ ಹಾಗೆ ಅಂಕ ಬಂತು ಎನ್ನುವುದು ಒಂದು ಓದು. ಪರೀಕ್ಷೆ ಹಾಗೇ ಉಳಿದು ಪಾಠ ಮಾತ್ರ ಬದಲಾದರೆ ಮೇಷ್ಟರಿಗೆ ಕಷ್ಟ ಎನ್ನುವುದು ನನ್ನ ಓದು. ಇವತ್ತಿಗೂ ನಮ್ಮ ತರಗತಿಗಳಲ್ಲಿ ಬಿಟ್ಟ ಸ್ಥಳ ಗಟ್ಟಿಯಾಗಿ ಕೂತಿದೆ.

ಆಮೇಲಿನ ಹೆಜ್ಜೆ ಕಂಪ್ಯೂಟರಿನದು. ಎಂಐಟಿಯ ಜಾನ್ ಲೀ ಮತ್ತು ಸ್ಟೆಫನಿ ಸೆನೆಫ್ 2007ರಲ್ಲಿ ಪ್ರಿಪೊಸಿಷನ್ ಬಿಟ್ಟ ಸ್ಥಳಗಳನ್ನು ಯಂತ್ರದಿಂದಲೇ ತಯಾರಿಸುವ ವಿಧಾನ ಮುಂದಿಟ್ಟರು. ತಪ್ಪು ಆಯ್ಕೆಗಳನ್ನು ಊಹಿಸುವ ಬದಲು, ಪದಗಳ ಜೊತೆಗೂಡುವಿಕೆಯಿಂದಲೂ ಇಂಗ್ಲಿಷ್ ಕಲಿಯುವವರು ನಿಜವಾಗಿ ಮಾಡಿದ ತಪ್ಪುಗಳ ಸಂಗ್ರಹದಿಂದಲೂ ಆರಿಸಿದರು. ತಾಯ್ನುಡಿ ನೋಡಿ ತಪ್ಪನ್ನು ಮುಂಗಾಣಿ ಎಂದ ಲಾಡೊನ ಮಾತು ಇಲ್ಲಿ ತಲೆಕೆಳಗಾಯಿತು. ಮೊದಲು ತಪ್ಪು, ಆಮೇಲೆ ಆಯ್ಕೆ. ಕನ್ನಡದ ಮಕ್ಕಳಿಗೆ ಈ ದಾರಿ ಹಿಡಿಯಬೇಕಾದರೆ ಕನ್ನಡದ ಮಕ್ಕಳ ತಪ್ಪುಗಳ ಸಂಗ್ರಹವೇ ಬೇಕು. ಬೇರೆ ನುಡಿಯವರ ಎಡವಟ್ಟು ನಮ್ಮವರ ಎಡವಟ್ಟಲ್ಲ.

ಅದರ ಮರುವರ್ಷ ಜೋಯಲ್ ಟೆಟ್ರೋ ಮತ್ತು ಮಾರ್ಟಿನ್ ಚೊಡೊರೊ ಯಂತ್ರವನ್ನು ಬದಿಗಿಟ್ಟು ಮನುಷ್ಯರನ್ನೇ ಪರೀಕ್ಷಿಸಿದರು. ಇಂಗ್ಲಿಷ್ ಮಾತೃಭಾಷೆಯ ಇಬ್ಬರಿಗೆ ಅಚ್ಚಾದ ವಾಕ್ಯಗಳಿಂದ ಪ್ರಿಪೊಸಿಷನ್ ಕಿತ್ತು ತುಂಬಲು ಕೊಟ್ಟಾಗ ಅವರ ನಡುವೆ ಒಮ್ಮತ ಸುಮಾರು ಮುಕ್ಕಾಲು ಪಾಲಿನಷ್ಟೇ ಇತ್ತು. ಅಲ್ಲಿಂದೀಚೆಗೆ ಒಂದೇ ಕೀ ಉತ್ತರ ಇಟ್ಟುಕೊಂಡು ತಿದ್ದುವುದು ಎಷ್ಟು ಸರಿ ಎಂಬ ಚರ್ಚೆಗೆ ಕಸುವು ಬಂದಿದೆ. ‘ವೀಕೆಂಡ್’ನ ಹಿಂದೆ ಬ್ರಿಟನ್ನಿನಲ್ಲಿ ಅಟ್, ಅಮೆರಿಕದಲ್ಲಿ ಆನ್ ಇರುವಾಗ ಆ ಪ್ರಶ್ನೆಯನ್ನು ಕೇಳದಿರುವುದೇ ಮೇಲು ಎಂದು ಕೆಲವರು, ಎರಡಕ್ಕೂ ಅಂಕ ಕೊಡಿ ಎಂದು ಕೆಲವರು. ಪ್ರಶ್ನೆಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ ಮಾಡಬಹುದಾದ ಅಗ್ಗದ ಪರಿಶೀಲನೆಯೊಂದಿದೆ. ಆಯ್ಕೆಗಳನ್ನು ಮುಚ್ಚಿ ಬರೀ ಗೆರೆಯನ್ನು ಸ್ಟಾಫ್ ರೂಮಿನ ನಾಲ್ಕೈದು ಇಂಗ್ಲಿಷ್ ಮೇಷ್ಟರಿಗೆ ಕೊಡುವುದು. ಅವರಲ್ಲಿ ಇಬ್ಬರು ಬೇರೆ ಬೇರೆ ಪದ ಬರೆದರೆ, ಜಗಳಕ್ಕೆ ಕೂರದೆ ಆ ಪ್ರಶ್ನೆಗೊಂದು ಮನೆ ನಂಬರು ಸೇರಿಸಬೇಕು, ಇಲ್ಲವೇ ಪ್ರಶ್ನೆಯನ್ನೇ ಹೊಡೆದುಹಾಕಬೇಕು.