11 ತಿಂಗಳ ಕರಾರು ಮುಗಿದರೆ ಬಾಡಿಗೆದಾರರ ಹಕ್ಕೂ ಮುಗಿಯುತ್ತದೆಯೇ?

ಜಗಳೂರು ತಾಲ್ಲೂಕಿನ ಬಿಳಿಚೋಡಿನಿಂದ ದಾವಣಗೆರೆಗೆ ದಿನವೂ ಬಸ್ಸಿನಲ್ಲಿ ಓಡಾಡಿ ಸಾಕಾಗಿ, ಕೊನೆಗೆ ಊರಲ್ಲೇ ಒಂದು ಮನೆ ಹಿಡಿಯೋಣ ಎಂದು ಹೊರಡುವ ಹುಡುಗ ಹುಡುಗಿಯರಿಗೆ ಎಲ್ಲರೂ ಹೇಳುವ ಮಾತೊಂದಿದೆ: "ಹನ್ನೊಂದು ತಿಂಗಳ ಅಗ್ರಿಮೆಂಟ್ ಅಷ್ಟೇ, ಮುಗಿದ ಮೇಲೆ ಓನರ್ ಯಾವಾಗ ಬೇಕಾದರೂ ಹೊರಗೆ ಹಾಕಬಹುದು." ಈ ಮಾತು ಎಷ್ಟು ನಿಜ ಎಂದು ನಾವು ಕಾನೂನಿನ ಜೊತೆ ಇಟ್ಟು ನೋಡಿದೆವು. ಹೆಚ್ಚಿನ ಭಾಗ ತಪ್ಪು.

ಮೊದಲು, ಈ ಹನ್ನೊಂದು ಬಂದದ್ದು ಎಲ್ಲಿಂದ? ಸ್ವತ್ತು ವರ್ಗಾವಣೆ ಕಾಯ್ದೆ (1882) ಮತ್ತು ನೋಂದಣಿ ಕಾಯ್ದೆ (1908) ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ಬೇಡ ಎಂದು ಒಂದು ತಿಂಗಳು ಕಡಿಮೆ ಬರೆಯುವ ರೂಢಿ ಬಂತು. ಬಾಡಿಗೆದಾರರ ಹಕ್ಕನ್ನು ಕತ್ತರಿಸುವ ಮಂತ್ರವೇನೂ ಅದರಲ್ಲಿಲ್ಲ. ಆದರೆ ಹನ್ನೊಂದು ತಿಂಗಳ ಪತ್ರಕ್ಕೂ ಸರಿಯಾದ ಮುದ್ರಾಂಕ ಶುಲ್ಕ ಬೇಕು. ಕಡಿಮೆ ಬೆಲೆಯ ಸ್ಟಾಂಪ್ ಕಾಗದದಲ್ಲಿ ಬರೆದ ಪತ್ರವನ್ನು ನ್ಯಾಯಾಲಯಕ್ಕೆ ಸಾಕ್ಷಿಯಾಗಿ ತಂದರೆ, ಬಾಕಿ ಶುಲ್ಕವನ್ನೂ ದಂಡವನ್ನೂ ಕಟ್ಟುವವರೆಗೆ ಅದನ್ನು ಒಪ್ಪುವುದಿಲ್ಲ. ದಂಡ ಬಾಕಿಯ ಹತ್ತು ಪಟ್ಟಿನವರೆಗೆ ಹೋಗಬಹುದು. ಶುಲ್ಕ ಆಗಾಗ ಬದಲಾಗುವುದರಿಂದ ಸಹಿ ಹಾಕುವ ದಿನವೇ ಇ-ಸ್ಟಾಂಪ್ ಕೊಡುವಲ್ಲಿ ವಿಚಾರಿಸಿಕೊಳ್ಳಿ.

ಎರಡನೆಯ ಗೊಂದಲ, "ಬಾಡಿಗೆ ಕಾಯ್ದೆ" ನಮ್ಮನ್ನು ಕಾಯುತ್ತದೆ ಎಂಬುದು. ಕರ್ನಾಟಕ ಬಾಡಿಗೆ ಕಾಯ್ದೆ, 1999 ಇದೆ ನಿಜ. ಆದರೆ ವಾಸದ ಮನೆಗಳಿಗೆ ಅದು ಅನ್ವಯಿಸುವ ಮಿತಿ ಅನುಸೂಚಿಯ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ. ಈಗ ನೌಕರಿ ಸೇರಿದವರು ಹಿಡಿಯುವ ಮನೆಗಳು ಬಹುಪಾಲು ಇದರ ಹೊರಗೇ ಉಳಿಯುತ್ತವೆ. ಅವರಿಗೆ ಲೆಕ್ಕಕ್ಕೆ ಬರುವುದು ತಾವು ಸಹಿ ಹಾಕಿದ ಪತ್ರ, ಮತ್ತು ಪತ್ರ ಸುಮ್ಮನಿರುವ ಕಡೆ 1882ರ ಕಾಯ್ದೆ. ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರುವಂತಿಲ್ಲ ಎಂದು ವಾಟ್ಸಾಪ್‌ನಲ್ಲಿ ಓಡಾಡುವ ಸಂದೇಶ 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯದು. ಅದು ರಾಜ್ಯಗಳ ಮುಂದಿಟ್ಟ ಮಾದರಿ ಮಾತ್ರ, ತಾನಾಗಿಯೇ ಇಲ್ಲಿ ಜಾರಿಯಾಗುವುದಿಲ್ಲ. ಆದ್ದರಿಂದ ಅಡ್ವಾನ್ಸ್ ಎಷ್ಟು ಎಂಬುದು ಚೌಕಾಸಿಯ ವಿಷಯ.

ಈಗ ಒಂದು ಉದಾಹರಣೆ ತೆಗೆದುಕೊಳ್ಳೋಣ. ಬಿಳಿಚೋಡಿನ ಯುವತಿಯೊಬ್ಬಳು ದಾವಣಗೆರೆಯಲ್ಲಿ ಕೆಲಸ ಸಿಕ್ಕಿ 2024ರ ಜೂನ್ 1ರಿಂದ ಮನೆ ಹಿಡಿದಳು ಎಂದುಕೊಳ್ಳಿ. ಬಾಡಿಗೆ 9,000, ಅಡ್ವಾನ್ಸ್ 50,000. ಎರಡೂ ಕಡೆಯವರು ಒಂದು ತಿಂಗಳು ಮುಂಚೆ ನೋಟಿಸ್ ಕೊಡಬೇಕು, ಬಿಡುವಾಗ ಸುಣ್ಣಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳಬಹುದು ಎಂದು ಪತ್ರದಲ್ಲಿದೆ. ಕರಾರು 2025ರ ಏಪ್ರಿಲ್ 30ಕ್ಕೆ ಮುಗಿಯಿತು. ಯಾರೂ ಹೊಸ ಪತ್ರ ಬರೆಯಲಿಲ್ಲ. ಮೇ, ಜೂನ್ ಬಾಡಿಗೆಯನ್ನು ಅವಳು ಯುಪಿಐನಲ್ಲಿ ಹಾಕಿದಳು, ಮಾಲೀಕರು ತೆಗೆದುಕೊಂಡರು. ಜುಲೈ 10ರಂದು ಬಾಗಿಲಲ್ಲಿ ನಿಂತು, "ನೋಡಮ್ಮ, ಅಗ್ರಿಮೆಂಟ್ ಮುಗಿದು ಎರಡು ತಿಂಗಳಾಯ್ತು, ಒಂದು ವಾರದಲ್ಲಿ ಖಾಲಿ ಮಾಡು" ಎಂದರು.

ಅವಧಿ ಮುಗಿದ ಮೇಲೂ ಬಾಡಿಗೆದಾರರು ಮನೆಯಲ್ಲಿದ್ದು, ಮಾಲೀಕರು ಬಾಡಿಗೆ ಸ್ವೀಕರಿಸಿದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ ಬಾಡಿಗೆ ತಿಂಗಳಿಂದ ತಿಂಗಳಿಗೆ ನವೀಕರಣವಾದಂತೆ ಎಂದು 1882ರ ಕಾಯ್ದೆಯ 116ನೇ ಕಲಮು ಹೇಳುತ್ತದೆ. ಅಂದರೆ ಆ ಎರಡು ಯುಪಿಐ ರಸೀದಿಗಳೇ ಅವಳ ಬಲ. ಹಳೆಯ ಪತ್ರದ ಷರತ್ತುಗಳು ಸಾಮಾನ್ಯವಾಗಿ ಮುಂದುವರಿಯುವುದರಿಂದ ಒಂದು ತಿಂಗಳ ನೋಟಿಸ್ ಬೇಕು. ಪತ್ರವೇ ಇಲ್ಲದಿದ್ದರೂ 106ನೇ ಕಲಮಿನಂತೆ ಹದಿನೈದು ದಿನ ಕೊಡಲೇಬೇಕು. ನೋಟಿಸ್ ಎಂದರೆ ಬಾಯಿಮಾತಲ್ಲ. ಅದು ಬರಹದಲ್ಲಿರಬೇಕು, ಸಹಿ ಇರಬೇಕು, ಅಂಚೆಯಲ್ಲೋ ಕೈಗೋ ತಲುಪಬೇಕು. ದಿನಗಳ ಎಣಿಕೆ ಶುರುವಾಗುವುದು ನೋಟಿಸ್ ಕೈಸೇರಿದ ದಿನದಿಂದ. ದಿನ ಕಡಿಮೆ ಬರೆದಿದ್ದಾರೆ ಎಂಬ ಕಾರಣಕ್ಕೇ ನೋಟಿಸ್ ಬಿದ್ದುಹೋಗುವುದಿಲ್ಲ ಎಂಬುದೂ ಗೊತ್ತಿರಲಿ. ಕಾನೂನಿನ ಅವಧಿ ಕಳೆದ ಮೇಲೆ ದಾವೆ ಹೂಡಿದ್ದರೆ ಸಾಕು.

ನೋಟಿಸ್ ಅವಧಿ ಮುಗಿದ ಮೇಲೂ ಮಾಲೀಕರ ದಾರಿ ನ್ಯಾಯಾಲಯವೇ, ಬೀಗವಲ್ಲ. ಅವಳು ಕೆಲಸಕ್ಕೆ ಹೋದಾಗ ಬೀಗ ಬದಲಿಸಿದರೆ, ನಿರ್ದಿಷ್ಟ ಪರಿಹಾರ ಕಾಯ್ದೆಯ (1963) 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹಾಕಿ ಮನೆಯ ಸ್ವಾಧೀನ ಮರಳಿ ಕೇಳಬಹುದು. ಅಲ್ಲಿ ಮನೆ ಯಾರದೆಂಬ ಪ್ರಶ್ನೆ ಬರುವುದಿಲ್ಲ, ಕಾನೂನಿನ ದಾರಿ ಬಿಟ್ಟು ಹೊರಹಾಕಿದರೇ ಎಂಬುದಷ್ಟೇ. ಪಿ.ಜಿ.ಗಳಲ್ಲಿ ಇರುವವರಿಗೆ ಇಷ್ಟು ಬಲ ಇರುವುದಿಲ್ಲ, ಅಲ್ಲಿ ಸಾಮಾನ್ಯವಾಗಿ ಸಿಗುವುದು ಇರಲು ಅನುಮತಿ ಮಾತ್ರ.

ನಮ್ಮ ಉದಾಹರಣೆಯ ಯುವತಿ ಜಗಳ ಬೇಡ ಎಂದು ಆಗಸ್ಟ್ 31ಕ್ಕೆ ಬಿಡುತ್ತೇನೆಂದು ಬರೆದುಕೊಟ್ಟು, ಅಲ್ಲಿಯವರೆಗಿನ ಬಾಡಿಗೆ ಕಟ್ಟಿದಳು. ನಿಜವಾದ ಕಿರಿಕಿರಿ ಶುರುವಾಗುವುದು ಇಲ್ಲಿ. ಮಾಲೀಕರು ಬಣ್ಣಕ್ಕೆ 15,000, ಸವೆದ ನಲ್ಲಿಗಳಿಗೆ 4,000, ಒಡೆದ ಕಿಟಕಿ ಗಾಜಿಗೆ 600, ಬೆಸ್ಕಾಂ ಬಾಕಿ 700 ಎಂದು ಲೆಕ್ಕ ಹಾಕಿ 29,700 ಕೊಡುತ್ತೇನೆ ಎಂದರು.

ಸುಣ್ಣಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಹಿಡಿಯಬೇಕೆಂದು ಯಾವ ಕಾಯ್ದೆಯೂ ಹೇಳಿಲ್ಲ, ಅದು ಪತ್ರದಲ್ಲಿ ಒಪ್ಪಿದರೆ ಮಾತ್ರ ಬರುವ ಖರ್ಚು. ಇವಳು ಒಪ್ಪಿದ್ದಳು, ಹಾಗಾಗಿ 9,000 ಸರಿ, 15,000 ಸರಿಯಲ್ಲ. ಬಾಡಿಗೆದಾರರು ಮನೆಯನ್ನು ಪಡೆದ ಸ್ಥಿತಿಯಲ್ಲೇ ಮರಳಿಸಬೇಕು, ಆದರೆ ದಿನಬಳಕೆಯ ಸಹಜ ಸವೆತಕ್ಕೆ ಅವರು ಹೊಣೆಯಲ್ಲ ಎನ್ನುತ್ತದೆ 108ನೇ ಕಲಮು. ಸವೆದ ನಲ್ಲಿ ಅದರಲ್ಲಿ ಸೇರುತ್ತದೆ, ಅವಳ ಕೈತಪ್ಪಿ ಒಡೆದ ಗಾಜು ಸೇರುವುದಿಲ್ಲ. ಕರೆಂಟ್ ಬಿಲ್ ಅವಳದೇ. ಒಟ್ಟು 10,300 ಕಳೆದು ಅವಳಿಗೆ ಬರಬೇಕಾದ್ದು 39,700.

ಆದರೆ ನಲ್ಲಿ ಮೊದಲೇ ಹಳೆಯದಿತ್ತು ಎಂದು ತೋರಿಸುವುದು ಹೇಗೆ? ಸಾಮಾನು ಇಳಿಸುವ ಮುನ್ನ ಖಾಲಿ ಮನೆಯ ಗೋಡೆ, ನಲ್ಲಿ, ಸ್ವಿಚ್‌ಬೋರ್ಡ್, ಬೆಸ್ಕಾಂ ಮೀಟರ್ ರೀಡಿಂಗ್‌ಗಳ ಫೋಟೊ ತೆಗೆದು ಅದೇ ದಿನ ಮಾಲೀಕರಿಗೆ ಕಳಿಸಿದ್ದರೆ ದಿನಾಂಕ ಸಮೇತ ದಾಖಲೆ ಉಳಿಯುತ್ತದೆ. ಅಡ್ವಾನ್ಸ್ ಕೂಡ ನಗದು ಬೇಡ, ಬ್ಯಾಂಕಿನ ಮೂಲಕ ಹೋಗಲಿ. ಹಣ ಹಾಕುವ ಮುನ್ನ ಮನೆಯ ಕಂದಾಯ ರಸೀದಿ ತೋರಿಸಲು ಕೇಳಿ. ಭೋಗ್ಯಕ್ಕೆ ಇದ್ದವರೇ ತಾವು ಓನರ್ ಎಂದು ಮನೆ ಕೊಟ್ಟಿದ್ದರೆ, ಮುಂದೆ ಅಡ್ವಾನ್ಸ್ ಯಾರನ್ನು ಕೇಳುವುದು ಎಂಬುದೇ ಪ್ರಶ್ನೆಯಾಗುತ್ತದೆ.

"ಕೊನೆಯ ಐದು ತಿಂಗಳು ಬಾಡಿಗೆ ಕೊಡಬೇಡ, ಅಡ್ವಾನ್ಸಲ್ಲಿ ಮುರಿದುಕೋ" ಎಂಬ ಸ್ನೇಹಿತರ ಸಲಹೆಗೆ ನಮ್ಮ ಒಪ್ಪಿಗೆ ಇಲ್ಲ. ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಹಾಗೆ ಮಾಡಿದರೆ ಅದು ಬಾಡಿಗೆ ಬಾಕಿಯೇ, ನಿಮ್ಮ ಗಟ್ಟಿ ಪ್ರಕರಣವನ್ನು ನೀವೇ ಸಡಿಲ ಮಾಡಿಕೊಂಡಂತೆ.

ಹತ್ತು ಸಾವಿರದ ವ್ಯತ್ಯಾಸಕ್ಕೆ ವಕೀಲರ ಶುಲ್ಕ ಕೊಟ್ಟು ದಾವೆ ಹೂಡುವುದು ಹೆಚ್ಚಿನವರಿಗೆ ಗಿಟ್ಟುವುದಿಲ್ಲ. ಮೊದಲು ಲೆಕ್ಕ, ಫೋಟೊ, ಪತ್ರದ ಪ್ರತಿ ಸೇರಿಸಿ ಸ್ಪೀಡ್ ಪೋಸ್ಟ್‌ನಲ್ಲಿ ಒಂದು ಪತ್ರ ಕಳಿಸಬೇಕು. ಉತ್ತರ ಬರದಿದ್ದರೆ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೋ ತಾಲ್ಲೂಕು ಸಮಿತಿಗೋ ಅರ್ಜಿ ಕೊಟ್ಟು, ದಾವೆಗೆ ಮುಂಚೆಯೇ ಲೋಕ ಅದಾಲತ್‌ನಲ್ಲಿ ಇತ್ಯರ್ಥಕ್ಕೆ ಕೇಳಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿನ ಅರ್ಹತೆ ಇದೆ. ಲೋಕ ಅದಾಲತ್‌ನ ತೀರ್ಮಾನಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬೆಲೆ ಇದ್ದು, ಅದರ ಮೇಲೆ ಮೇಲ್ಮನವಿ ಇಲ್ಲ. ಆದರೆ ಅಲ್ಲಿ ಇಬ್ಬರೂ ಒಪ್ಪಬೇಕು. ಮಾಲೀಕರು ಒಪ್ಪದಿದ್ದರೆ ಉಳಿಯುವುದು ಹಣ ವಸೂಲಿಯ ದಾವೆ. ಅದಕ್ಕೆ ಮೂರು ವರ್ಷಗಳ ಕಾಲಮಿತಿ ಇದೆ.