ಬಾಲ ಕಳೆದುಕೊಂಡ ಕ್ರಿಯಾಪದಗಳು

ಕನ್ನಡ–ಇಂಗ್ಲಿಷ್ ಬೆರೆತ ಸಭೆಯ ರೆಕಾರ್ಡಿಂಗನ್ನು ಮೊದಲು ಪೂರ್ತಿ ಇಂಗ್ಲಿಷಿಗೆ ತಿರುಗಿಸಿ, ಅಲ್ಲೇ ಸಾರಾಂಶ ಮಾಡಿ, ಬೇಕಿದ್ದರೆ ಮತ್ತೆ ಕನ್ನಡಕ್ಕೆ ತಂದರಾಯಿತು ಎನ್ನುವವರು ಈಗ ಹೆಚ್ಚಾಗಿದ್ದಾರೆ. ಇಂಥ ರೆಕಾರ್ಡಿಂಗುಗಳನ್ನು ಕೇಳಿ ಕೇಳಿ ಬರೆದು ವಯಸ್ಸು ಕಳೆದ ನನಗೆ, ಈ ಹಾದಿಯಲ್ಲಿ ಏನು ಉದುರಿ ಬೀಳುತ್ತದೆ ಎಂಬುದನ್ನು ಹೇಳಿಬಿಡಬೇಕು ಅನ್ನಿಸಿದೆ.

ಹಳೆಯ ಕಥೆ ಚಿಕ್ಕದು. ಶೀಘ್ರಲಿಪಿಕಾರರ ಕಾಲದಲ್ಲಿ ಬೆರಕೆಯ ಸಮಸ್ಯೆಗೆ ಹೆಸರೇ ಇರಲಿಲ್ಲ. ಗುಮಾಸ್ತರು ಕೇಳುತ್ತ ಕೇಳುತ್ತಲೇ ಮನಸ್ಸಿನಲ್ಲಿ ಒಂದೇ ಭಾಷೆಗೆ ಇಳಿಸಿಕೊಂಡು ನಡಾವಳಿ ಬರೆಯುತ್ತಿದ್ದರು. ಎಸ್. ಎನ್. ಶ್ರೀಧರ್ 1978ರಲ್ಲೇ ಕನ್ನಡದೊಳಗಿನ ಭಾಷಾಮಿಶ್ರಣ ಏನೇನು ಕೆಲಸ ಮಾಡುತ್ತದೆ ಎಂದು ಬರೆದರು. ಯಂತ್ರದ ಕಡೆಯವರು ಅದನ್ನು ಓದಿದಂತೆ ಕಾಣುವುದಿಲ್ಲ. ಆಮೇಲೆ ಬಂದ ಸಭೆಗಳ ದೊಡ್ಡ ಸಂಗ್ರಹಗಳು, ಬರ್ಕ್ಲಿಯ ಐಸಿಎಸ್‌ಐ ಮತ್ತು ಯುರೋಪಿನ ಸುಮಾರು 100 ಗಂಟೆಗಳ ಎಎಂಐ, ಎರಡೂ ಇಂಗ್ಲಿಷಿನವು.

ನಮ್ಮ ತಲೆಮಾರಿನ ಜಗಳ ಲಿಪಿಯದು. ‘ಬಜೆಟ್’ ಎಂದು ಕೇಳಿದ್ದನ್ನು ಕನ್ನಡದಲ್ಲಿ ಬರೆಯಬೇಕೋ ರೋಮನ್ನಿನಲ್ಲೋ? ಇಬ್ಬರು ಎರಡು ರೀತಿ ಬರೆದರೆ, ಸರಿಯಾಗಿ ಕೇಳಿಸಿಕೊಂಡ ಯಂತ್ರಕ್ಕೂ ತಪ್ಪಿನ ಅಂಕ ಬೀಳುತ್ತಿತ್ತು. ಎರಡನ್ನೂ ಒಂದೇ ಲಿಪಿಗೆ ತಂದು ತೂಗುವ ಪದ್ಧತಿ 2018ರಲ್ಲಿ ಬಂತು. ನಾವು ಕೆಲವರು ಹಿಡಿದ ದಾರಿ ಬೇರೆ: ಆಡಿದ ಬೆರಕೆಯನ್ನು ಬೆರಕೆಯಾಗಿಯೇ, ಎಲ್ಲವನ್ನೂ ಕನ್ನಡ ಲಿಪಿಯಲ್ಲಿ, ಯಾರು ಆಡಿದ್ದೆಂಬ ಗುರುತಿನೊಡನೆ ಮೊದಲು ಇಳಿಸಿಕೊಳ್ಳುವುದು, ಒಂದು ಭಾಷೆಗೆ ತರುವುದು ಕಟ್ಟಕಡೆಯ ಹೆಜ್ಜೆ. ನಿಧಾನವೆಂದು ನಕ್ಕವರಿದ್ದರು.

ಈ ಹಠಕ್ಕೆ ಕಾರಣವಿದೆ. ಬೆರಕೆ ಮಾತಿನಲ್ಲಿ ವಿಷಯ ಹೊರುವುದು ಹೆಚ್ಚಾಗಿ ಇಂಗ್ಲಿಷ್ ಪದ. ಒಪ್ಪಿದ್ದೋ, ಒಪ್ಪದ್ದೋ, ಷರತ್ತೋ ಎಂಬುದನ್ನು ಹೊರುವುದು ಕನ್ನಡದ ಬಾಲ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ಕಾರ್ಯದರ್ಶಿ ಹೇಳಿದ್ದು ಹೀಗೆ: “ಎಸ್‌ಟಿಪಿ ಪಂಪ್‌ಗೆ ಮೂರು ಕೊಟೇಶನ್ ತರಿಸ್ತೀನಿ, ಕಮಿಟಿ ಅಪ್ರೂವ್ ಮಾಡಿದ್ರೆ ನೆಕ್ಸ್ಟ್ ವೀಕ್ ಹಾಕಿಸ್ಬಹುದು.” ಇಂಗ್ಲಿಷ್ ಸುತ್ತಿ ಬಂದ ಟಿಪ್ಪಣಿಯಲ್ಲಿ ಇದ್ದದ್ದು: “ಸಮಿತಿಯ ಅನುಮೋದನೆಯೊಂದಿಗೆ ಮುಂದಿನ ವಾರ ಪಂಪ್ ಅಳವಡಿಸಲಾಗುವುದು.” ‘ಮಾಡಿದ್ರೆ’ಯ ‘ರೆ’ ಹೋಯಿತು, ‘ಬಹುದು’ ಹೋಯಿತು, ‘ತರಿಸ್ತೀನಿ’ ಎಂದ ಮನುಷ್ಯನೇ ಮಾಯವಾದ. (ಮಾಡುವವನನ್ನು ಅಡಗಿಸುವ ಈ ‘ಲಾಗುವುದು’ ನಮ್ಮ ಕಚೇರಿ ಕನ್ನಡದ ಕೊಡುಗೆ; ಯಂತ್ರ ಕಲಿತದ್ದು ನಮ್ಮಿಂದಲೇ.) ಅದೇ ಸಭೆಯಲ್ಲಿ ಅಧ್ಯಕ್ಷರು ಪೇಂಟಿಂಗ್ ವಿಚಾರಕ್ಕೆ “ನೋಡೋಣ” ಎಂದರು. ಟಿಪ್ಪಣಿ “ಪರಿಶೀಲಿಸಲು ತೀರ್ಮಾನ” ಎಂದಿತು. ಅಲ್ಲಿ ಕೂತಿದ್ದವರಿಗೆಲ್ಲ ಅದು ‘ಈಗ ಬೇಡ’ ಎಂದೇ ಕೇಳಿಸಿತ್ತು.

ಸರಿಯಾದ ಟಿಪ್ಪಣಿ ಇಷ್ಟು: “ಪಂಪಿಗೆ ಮೂರು ದರಪಟ್ಟಿ: ಕಾರ್ಯದರ್ಶಿ ತರಿಸುವರು. ಸಮಿತಿ ಒಪ್ಪಿದರೆ ಮುಂದಿನ ವಾರ ಅಳವಡಿಸಬಹುದು. ಒಪ್ಪಿಗೆ ಇನ್ನೂ ಆಗಿಲ್ಲ. ಪೇಂಟಿಂಗ್: ತೀರ್ಮಾನವಿಲ್ಲ.” ಕೊಟೇಶನ್ ‘ದರಪಟ್ಟಿ’ಯಾಯಿತು, ಪಂಪು ಪಂಪಾಗಿಯೇ ಉಳಿಯಿತು. ಒಂದೇ ಭಾಷೆ ಎಂದರೆ ಎಲ್ಲ ಪದಕ್ಕೂ ಸಂಸ್ಕೃತದ ಅಂಗಿ ತೊಡಿಸುವುದಲ್ಲ.

2022ರಲ್ಲಿ ಮಾತನ್ನು ಬರಹಕ್ಕಿಳಿಸುವ ವಿಸ್ಪರ್ ಬಂದಾಗ ಲಿಪಿಯ ಜಗಳವೆಲ್ಲ ಮುಗಿಯಿತೆಂದರು. ಅದನ್ನು ಬಿಡುಗಡೆ ಮಾಡಿದವರ ಪ್ರೋಗ್ರಾಮಿನಲ್ಲಿ, ಭಾಷೆ ಯಾವುದೆಂದು ನಾವು ತಿಳಿಸದಿದ್ದರೆ ಅದು ಮೊದಲ 30 ಸೆಕೆಂಡು ಕೇಳಿ ಒಂದು ಭಾಷೆ ಗೊತ್ತುಮಾಡಿಕೊಂಡು ಇಡೀ ಕಡತಕ್ಕೆ ಅದನ್ನೇ ಹಚ್ಚುತ್ತದೆ. “ಗುಡ್ ಈವನಿಂಗ್ ಎವ್ರಿಬಡಿ”ಯಿಂದ ಶುರುವಾಗದ ಸಭೆ ನಮ್ಮಲ್ಲಿ ಎಷ್ಟಿವೆ? ಆಮೇಲಿನ ಒಂದು ಗಂಟೆಯ ಕನ್ನಡವನ್ನು ಅದು ಇಂಗ್ಲಿಷೆಂದೇ ಕೇಳುತ್ತದೆ, ಆಡದ ವಾಕ್ಯಗಳನ್ನೂ ನಯವಾಗಿ ಬರೆದುಕೊಡುತ್ತದೆ. ತಪ್ಪು ಸಿಕ್ಕದಿರುವುದು ಆ ನಯದಿಂದಲೇ. ಕನ್ನಡವೆಂದು ಮೊದಲೇ ಗೊತ್ತುಮಾಡಿ, ಆಡುವವರು ಬದಲಾದಲ್ಲಿ ತುಂಡರಿಸಿ ಕೊಟ್ಟರೆ ಸ್ವಲ್ಪ ಸುಧಾರಿಸುತ್ತದೆ. ಆಡುಮಾತಿನಲ್ಲಿ ನುಂಗಿಹೋಗುವ ‘ಸ್ಬಹುದು’ಗಳು ಆಗಲೂ ಜಾರುತ್ತವೆ.

ಯಂತ್ರವನ್ನು ಕಲಿಸಿ ಅಳೆಯುವ ಸಾಮಗ್ರಿಯ ಕಥೆಯೂ ಹೀಗೇ. 2021ರ ಎಂಯುಸಿಎಸ್ ಸ್ಪರ್ಧೆಯಲ್ಲಿ ಬೆರಕೆ ಮಾತಿನ ವಿಭಾಗಕ್ಕೆ ಹಿಂದಿ–ಇಂಗ್ಲಿಷ್, ಬಂಗಾಳಿ–ಇಂಗ್ಲಿಷ್ ಎರಡನ್ನು ಆರಿಸಿದರು. ಕನ್ನಡ–ಇಂಗ್ಲಿಷಿನದೆಂದು 2020ರಿಂದ ಸಂಶೋಧಕರು ಬಳಸುತ್ತಿರುವ ಸಂಗ್ರಹ ಯೂಟ್ಯೂಬ್ ಕಮೆಂಟುಗಳದು, ಅಂದರೆ ಟೈಪ್ ಮಾಡಿದ್ದು. ಸಾರಾಂಶ ಅಳೆಯಲು ಇಂದಿಗೂ ಹಿಡಿಯುವ ರೂಜ್ ಎಂಬ ಅಳತೆಗೋಲು ಹೊಂದುವ ಪದಗಳನ್ನು ಎಣಿಸುತ್ತದೆ. ‘ಅಳವಡಿಸಬಹುದು’ ಇರಬೇಕಾದಲ್ಲಿ ‘ಅಳವಡಿಸಲಾಗುವುದು’ ಬಂದರೆ ಅದರ ಲೆಕ್ಕದಲ್ಲಿ ಹೋದದ್ದು ಒಂದು ಪದ. ಹಾಗಾಗಿ ನಾನು ಈಗಲೂ ಟಿಪ್ಪಣಿಯ ಪ್ರತಿ ತೀರ್ಮಾನದ ಪಕ್ಕ ರೆಕಾರ್ಡಿಂಗಿನ ನಿಮಿಷ ಬರೆದಿಟ್ಟು, ಅಷ್ಟು ಕಡೆ ಮಾತ್ರ ಹಿಂದಕ್ಕೆ ಹೋಗಿ ವಾಕ್ಯದ ಕೊನೆಯನ್ನು ಎರಡು ಸಲ ಕೇಳುತ್ತೇನೆ.